ಲೋಡಿಂಗ್ ಪಾಯಿಂಟ್‌ನಲ್ಲಿ ಕಾಯುವುದೂ ಕೆಲಸವೇ: ಕಾರ್ಮಿಕ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕಾರ್ಮಿಕ ಸಚಿವರಿಗೆ,

ಕಾರವಾರದಿಂದ ಹುಬ್ಬಳ್ಳಿ ಕಡೆಗೆ ಮಾಲು ಸಾಗಿಸುವ ಸಂಬಳದ ಲಾರಿ ಚಾಲಕರಲ್ಲಿ ನಾನೂ ಒಬ್ಬ. ಗೋದಾಮುಗಳ ಎದುರು ಲೋಡಿಗಾಗಿ ಕಾಯುವ ಹೊತ್ತು ದುಡಿಮೆಯ ಹೊತ್ತು ಹೌದೋ ಅಲ್ಲವೋ ಎಂಬುದನ್ನು ಈವರೆಗೆ ಯಾರೂ ನಮಗೆ ಬರಹದಲ್ಲಿ ಹೇಳಿಲ್ಲ. ಮೌಖಿಕವಾಗಿ ಕೇಳಿದಾಗಲೆಲ್ಲ ಸಿಕ್ಕ ಉತ್ತರ "ನೋಡೋಣ" ಎಂಬುದಷ್ಟೇ ಆದ್ದರಿಂದ ನೇರವಾಗಿ ತಮಗೇ ಬರೆಯುತ್ತಿದ್ದೇನೆ.

ಕಳೆದ ಮಳೆಗಾಲದ ಒಂದು ದಿನ ಬೆಳಿಗ್ಗೆ ಏಳಕ್ಕೆ ಗೇಟಿನಲ್ಲಿ ಟೋಕನ್ ಪಡೆದು ಸಾಲಿನಲ್ಲಿ ನಿಂತೆ. ಮಾಲು ಚೀಲಗಳದ್ದು, ಮಳೆ ಬಂದಾಗಲೆಲ್ಲ ಹಮಾಲರು ಕೈಬಿಡುತ್ತಾರೆ, ನಾವು ಟಾರ್ಪಾಲು ಎಳೆಯಬೇಕು, ಮಳೆ ನಿಂತರೆ ಮತ್ತೆ ಬಿಚ್ಚಬೇಕು. ಮುಂದಿನ ಲಾರಿ ಒಂದು ಮಾರು ಸರಿದರೆ ನಾವೂ ಸರಿಯಬೇಕು. ಮಧ್ಯಾಹ್ನ ನನ್ನ ಹಿಂದಿನ ಲಾರಿಯ ಚಾಲಕರು, ಅರವತ್ತರ ಹತ್ತಿರದ ಸಕ್ಕರೆ ಕಾಯಿಲೆಯ ಮನುಷ್ಯ, ಗೇಟಿನೊಳಗೆ ಶೌಚಾಲಯಕ್ಕೆ ಬಿಡದ ಕಾರಣ ರಸ್ತೆಯಾಚೆಗೆ ಹೋಗಿ ಬರುವಷ್ಟರಲ್ಲಿ ಅವರ ನಂಬರು ಕೂಗಿಯಾಗಿತ್ತು. ಟೋಕನ್ ರದ್ದು ಮಾಡಿ ಅವರನ್ನು ಸಾಲಿನ ಕೊನೆಗೆ ಕಳಿಸಿದರು. ತಿಂಗಳ ಕೊನೆಯಲ್ಲಿ ಅದೇ ದಿನದ ಆ ಹೊತ್ತನ್ನು ಅವರ ಮಾಲೀಕರು "ವಿಶ್ರಾಂತಿ" ಎಂದು ಬರೆದರಂತೆ. ಮೂತ್ರಕ್ಕೆ ಹೋದರೂ ಶಿಕ್ಷೆಯಾಗುವ ಇಂತಹ ವಿಶ್ರಾಂತಿ ತಮ್ಮ ಸಚಿವಾಲಯದಲ್ಲಿ ಯಾರಿಗೂ ಸಿಗದಿರಲಿ ಎಂದು ಹಾರೈಸುತ್ತೇನೆ.

ನನಗೆ ಲೋಡಾಗಿದ್ದು ಸಂಜೆ ನಾಲ್ಕಕ್ಕೆ. ಅಲ್ಲಿಂದ ಅಂಕೋಲಾ ದಾಟಿ, ಮಂಜು ಕವಿದ ಅರಬೈಲು ಘಟ್ಟ ಹತ್ತಿ ಹುಬ್ಬಳ್ಳಿ ಸೇರಿದಾಗ ರಾತ್ರಿ ಒಂಬತ್ತು. ಊಟದ ಅರ್ಧ ಗಂಟೆ ಕಳೆದರೂ ಹದಿಮೂರೂವರೆ ಗಂಟೆ ನಾನು ಲಾರಿಗೆ ಕಟ್ಟುಬಿದ್ದಿದ್ದೆ. ನನಗೆ ಕೂಲಿ ಕಟ್ಟಿದ್ದು ಚಕ್ರ ಉರುಳಿದ ಐದು ಗಂಟೆಗೆ ಮಾತ್ರ. ಲೆಕ್ಕಕ್ಕೆ ಸುಲಭವಾಗಲೆಂದು ಗಂಟೆಗೆ 100 ರೂಪಾಯಿ ಎಂದುಕೊಳ್ಳೋಣ. ಆಗ ಕೈಗೆ ಬರುವುದು 500. ಕಾಯ್ದದ್ದನ್ನೂ ಸೇರಿಸಿದರೆ ಮೊದಲ ಎಂಟು ಗಂಟೆಗೆ 800, ಮಿಕ್ಕ ಐದೂವರೆ ಗಂಟೆಗೆ ದುಪ್ಪಟ್ಟು ದರದಲ್ಲಿ 1,100, ಒಟ್ಟು 1,900 ರೂಪಾಯಿ. ಲಾರಿ ಹೆಚ್ಚು ಹೊತ್ತು ನಿಂತರೆ ಬರುವ ಹಾಲ್ಟಿಂಗ್ ಹಣವೂ ಮಾಲೀಕರ ಲೆಕ್ಕಕ್ಕೇ ಹೋಗುತ್ತದೆ. ಅಂದರೆ ನಿಂತ ಲಾರಿಗೆ ಬೆಲೆಯಿದೆ, ಅದರೊಳಗೆ ಕೂತವನಿಗಿಲ್ಲ.

ಕಾನೂನು ತಮಗೆ ನನಗಿಂತ ಚೆನ್ನಾಗಿ ಗೊತ್ತು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯು ನೌಕರನು ಮಾಲೀಕನ ಅಥವಾ ತನ್ನ ಸೇವೆ ಪಡೆಯುವ ಹಕ್ಕುಳ್ಳ ಬೇರೆಯವರ ವಶದಲ್ಲಿರುವ ಸಮಯವನ್ನೇ ಕೆಲಸದ ಸಮಯ ಎಂದಿತ್ತು. ಲೋಡು ಹಾಕುವ, ಇಳಿಸುವ ಕೆಲಸವನ್ನೂ ಸೇರಿಸಿತ್ತು. ಮಾಲೀಕರು ಹಿಡಿದುಕೊಂಡಿರುವುದು ಅದರ ಇನ್ನೊಂದು ಸಾಲನ್ನು: ಟರ್ಮಿನಲ್‌ನಲ್ಲಿ ಬರೀ ಹಾಜರಿದ್ದು ಕಾಯುವ ಹೊತ್ತು 15 ನಿಮಿಷಕ್ಕಿಂತ ಕಡಿಮೆಯಿದ್ದರೆ ಅದು ಕೆಲಸದ ಸಮಯ. ಹಾಗಾದರೆ ಹದಿನಾರನೆಯ ನಿಮಿಷದಿಂದ ಅದು ಕೆಲಸವಲ್ಲ ಎಂಬುದು ಅವರ ವಾದ. ಆ ಕಾಯ್ದೆಯ ಜಾಗಕ್ಕೆ ಬಂದ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯಲ್ಲೂ ಆ ಸಾಲು ಉಳಿದಿರುವುದರಿಂದ ಈ ಜಗಳವೂ ಉಳಿದಿದೆ. ಆದರೆ ವಾಹನ ನಿಂತ ಹೊತ್ತನ್ನು ಓಟದ ಸಮಯದಿಂದ ಕಳೆಯಬೇಕಾದರೆ ಚಾಲಕನು ಆ ಹೊತ್ತನ್ನು ತನ್ನಿಚ್ಛೆಯಂತೆ ಕಳೆಯಲು ಸ್ವತಂತ್ರನಾಗಿರಬೇಕು, ಇಲ್ಲವೇ ಪೂರಕ ಕೆಲಸದಲ್ಲಿರಬೇಕು ಎಂದು ಹಳೆಯ ಕಾಯ್ದೆಯೇ ಹೇಳಿತ್ತು. ಆ ಪೂರಕ ಕೆಲಸವೂ ಕೂಲಿಯ ಲೆಕ್ಕಕ್ಕೇ ಸೇರುತ್ತಿತ್ತು. ಟಾರ್ಪಾಲು ಎಳೆಯುತ್ತ, ಸಾಲಿನಲ್ಲಿ ಸರಿಯುತ್ತ, ನಂಬರಿಗೆ ಕಿವಿಗೊಟ್ಟು ಕೂತವನು ಯಾವ ಬಗೆಯಲ್ಲಿ ಸ್ವತಂತ್ರ?

ಎಲ್ಲ ಕಾಯುವಿಕೆಗೂ ಕೂಲಿ ಕೊಡಿ ಎಂದು ನಾನು ಕೇಳುತ್ತಿಲ್ಲ. "ಮೂರು ಗಂಟೆಗೆ ಬನ್ನಿ" ಎಂದು ಸಮಯ ಬರೆದುಕೊಟ್ಟು, ಲಾರಿಯನ್ನು ಯಾರ್ಡಿನಲ್ಲಿ ಕಾವಲಿಗೆ ಬಿಡಲು ಒಪ್ಪಿ, ನಮ್ಮನ್ನು ಮನೆಗೆ ಕಳಿಸಿದರೆ ಆ ಹೊತ್ತು ನಮ್ಮದೇ. ಅದಕ್ಕೆ ಕೂಲಿ ಬೇಡ. ಟೋಕನ್ ಕೈಗಿಟ್ಟು ಸಾಲಿನಲ್ಲಿ ನಿಲ್ಲಿಸಿದ ಹೊತ್ತಿಗೆ ಮಾತ್ರ ಕೊಡಿಸಿ.

ಆದ್ದರಿಂದ ರಾಜ್ಯದ ನಿಯಮಗಳಲ್ಲಿ ಅಥವಾ ಇಲಾಖೆಯ ಸುತ್ತೋಲೆಯಲ್ಲಿ, ಲಾರಿ ಬಿಟ್ಟು ಹೋಗಲಾಗದ ಚಾಲಕನು ಲೋಡಿಂಗ್ ಪಾಯಿಂಟ್‌ನಲ್ಲಿ ಕಾಯುವ ಸಮಯ ಕೆಲಸದ ಸಮಯವೇ ಎಂದು ಸ್ಪಷ್ಟವಾಗಿ ಬರೆಯಿಸಿ. ಗೇಟಿನ ಟೋಕನ್ ಮೇಲಿನ ಸಮಯ ಮತ್ತು ಹೊರಗೆ ಬರುವಾಗ ತೂಕದ ಚೀಟಿಯ ಮೇಲೆ ಬೀಳುವ ಸಮಯ, ಇವೆರಡನ್ನೇ ದಾಖಲೆಯೆಂದು ಒಪ್ಪಿದರೆ ತಕರಾರಿಗೆ ಜಾಗವಿರುವುದಿಲ್ಲ. ಎರಡೂ ಈಗಾಗಲೇ ಮುದ್ರಣವಾಗಿ ಬರುತ್ತಿವೆ. ಸರ್ಕಾರಕ್ಕೆ ಕಾಸಿನ ಖರ್ಚಿಲ್ಲ. ಕಾಯುವ ಸಮಯ ಕೆಲಸದ ಸಮಯವೆಂದು ಬರೆಯಿಸಿ. ಅಲ್ಲವೆನ್ನುವುದಾದರೆ ಅದನ್ನಾದರೂ ಕಾರಣ ಸಹಿತ, ತಮ್ಮ ಸಹಿಯೊಂದಿಗೆ ಬರೆದು ತಿಳಿಸಿ.

ಇಂತಿ,
ಕಾರವಾರದ ಒಬ್ಬ ಲಾರಿ ಚಾಲಕ