ಕ್ವಾಲಿಟಿ ಕೆಲಸಕ್ಕೆ ಹೊರಟ ಎಸ್ಟೇಟ್ ರೈಟರ್‌ಗೆ

ಪ್ರಿಯ ಪೂಣಚ್ಚ,

ಲೀಡ್ ಆಡಿಟರ್ ಪರೀಕ್ಷೆ ಪಾಸಾದೆಯಲ್ಲ, ಖುಷಿಯಾಯಿತು. ಕುಶಾಲನಗರದ ಕಾಫಿ ಕ್ಯೂರಿಂಗ್ ವರ್ಕ್ಸ್‌ಗೆ ಅರ್ಜಿಯ ಜೊತೆ ಕಳಿಸಬೇಕೆಂದಿರುವ ಪತ್ರವನ್ನೂ ಓದಿದೆ. ಮೊದಲ ಸಾಲು ತೆಗೆದುಬಿಡು ಮಾರಾಯ. ‘ನಾನು ಐಎಸ್‌ಒ 9001 ಸರ್ಟಿಫೈಡ್’ ಅಂತ ಬರೆದಿದ್ದೀಯ. ಗುಣಮಟ್ಟ ನಿರ್ವಹಣೆಯ ಆ ಸರ್ಟಿಫಿಕೇಟ್ ಸಿಗುವುದು ಸಂಸ್ಥೆಗೆ, ಮನುಷ್ಯನಿಗಲ್ಲ. ಸಂದರ್ಶನಕ್ಕೆ ಕೂರುವ ಕ್ವಾಲಿಟಿ ಮ್ಯಾನೇಜರ್ ಅಲ್ಲೇ ಹುಬ್ಬೇರಿಸುತ್ತಾರೆ. ‘ಐಎಸ್‌ಒ 9001:2015 ಲೀಡ್ ಆಡಿಟರ್ ತರಬೇತಿ ಮುಗಿಸಿ ಪರೀಕ್ಷೆ ಪಾಸಾಗಿದ್ದೇನೆ, ಹೊರಗಿನ ಸಂಸ್ಥೆಗಳ ಆಡಿಟ್ ಇನ್ನೂ ಮಾಡಿಲ್ಲ’ ಎಂದು ಬರೆ. ನಿಜವೂ ಅದೇ.

ಆಮೇಲೆ ‘ಶ್ರಮಜೀವಿ, ಪ್ರಾಮಾಣಿಕ’ ಎಂದೆಲ್ಲ ಅರ್ಧ ಪುಟ ತುಂಬಿಸಿದ್ದೀಯ. ಕಾಫಿ ಒಣಗಿಸುವ ಕಣದ ವಿಷಯಕ್ಕೆ ಮಾತ್ರ ಒಂದೇ ಸಾಲು! ನನಗೆ ಬೇಕಾದದ್ದು ಅದು. ಕಳೆದ ಕೊಯ್ಲಿನಲ್ಲಿ ಪಾರ್ಚ್‌ಮೆಂಟ್ ಲಾಟ್ ವಾಪಸ್ ಬಂದಿತ್ತಲ್ಲ, ಆ ಕಥೆಯನ್ನು ನಿನ್ನ ಹೊಸ ಓದಿನ ಕಣ್ಣಿನಲ್ಲಿ ಹೇಳು. ಹೀಗೆ:

‘ನಮ್ಮ ಮೀಟರಿನಲ್ಲಿ 10% ತೇವಾಂಶ ತೋರಿಸಿದ್ದ ಅರೇಬಿಕಾ ಪಾರ್ಚ್‌ಮೆಂಟ್, ಖರೀದಿದಾರರ ಬಳಿ 13% ಬಂತು. ಆ ಚೀಲಗಳನ್ನು ಬಿಚ್ಚಿ ಮತ್ತೆ ಒಣಗಿಸಿದೆವು. ನಂತರ ಕಣದ ಪುಸ್ತಕ ತೆಗೆದು ನೋಡಿದಾಗ, ಹಣ್ಣು ಒಟ್ಟಿಗೆ ಬಂದ ವಾರ ಜಾಗ ಸಾಲದೆ ದಪ್ಪಗೆ ಹರಡಿದ್ದು ಕಂಡಿತು. ಮೇಲಿನದು ಒಣಗಿ ಅಡಿಯದು ಹಸಿಯಾಗಿತ್ತು. ನಾವು ಸ್ಯಾಂಪಲ್ ತೆಗೆಯುತ್ತಿದ್ದುದು ಮೇಲಿನಿಂದ ಮಾತ್ರ. ಅಲ್ಲಿಂದ ಮುಂದೆ ಹಾಸು ತೆಳುವಾಗಿರಿಸಿ, ಕಣದಲ್ಲಿರುವ ಜಾಗ ನೋಡಿ ಕೊಯ್ಲಿಗೆ ಬ್ಲಾಕ್ ಹಂಚಿದೆವು. ಮೇಲೆ, ನಡುವೆ, ಅಡಿ ಮೂರೂ ಕಡೆಯಿಂದ ಸ್ಯಾಂಪಲ್ ತೆಗೆದೆವು. ಮುಂದಿನ ಲಾಟ್‌ಗಳಲ್ಲಿ ನಮ್ಮ ಅಂಕಿಯೂ ಅವರ ಅಂಕಿಯೂ ಹೊಂದಿಕೊಂಡವು.’

ನೋಡು, ಮತ್ತೆ ಒಣಗಿಸಿದ್ದು ಆ ಲಾಟಿಗಷ್ಟೇ ಮಾಡಿದ ಸರಿಪಡಿಕೆ. ಹಾಸನ್ನೂ ಸ್ಯಾಂಪಲ್ ತೆಗೆಯುವ ರೀತಿಯನ್ನೂ ಬದಲಿಸಿದ್ದು ಕರೆಕ್ಟಿವ್ ಆಕ್ಷನ್. ಮುಂದಿನ ಲಾಟ್‌ಗಳನ್ನು ಹೋಲಿಸಿದ್ದು ಅದು ಫಲಿಸಿತೇ ಎಂಬ ಪರಿಶೀಲನೆ. ಐಎಸ್‌ಒ 9001ರ 10.2ನೇ ಕಲಮು ಕೇಳುವುದು ಹೆಚ್ಚುಕಡಿಮೆ ಇದನ್ನೇ. ಹೊಸಬರಲ್ಲಿ ಬಹಳ ಮಂದಿ ಮೊದಲನೆಯದನ್ನು ಮಾಡಿ ಎರಡನೆಯದೆಂದು ಬರೆಯುತ್ತಾರೆ. ಆಡಿಟರ್ ಮೊದಲು ಹುಡುಕುವುದೂ ಅದನ್ನೇ. ಕಲಮಿನ ಸಂಖ್ಯೆಯನ್ನು ಪತ್ರದಲ್ಲಿ ಹಾಕಬೇಡ, ಕೇಳಿದರೆ ಹೇಳು.

ಒಂದು ಎಚ್ಚರಿಕೆ. ಚೀಲಗಳ ಲೆಕ್ಕ, ಉಳಿದ ಹಣ ಎಂದು ಅಂದಾಜಿನ ಅಂಕಿ ಸೇರಿಸಬೇಡ. ಪುಸ್ತಕದಲ್ಲಿ ಬರೆದಿಟ್ಟದ್ದು ಮಾತ್ರ ಇರಲಿ, ಸಂದರ್ಶನಕ್ಕೆ ಆ ಪುಟಗಳ ನಕಲೂ ಕೈಯಲ್ಲಿರಲಿ. ದೊರೆಯ ಒಪ್ಪಿಗೆ ಪಡೆದು ತೋರಿಸು. ಎಸ್ಟೇಟಿನ ದಾಖಲೆ ಅವರದ್ದು.

ಇಷ್ಟು ವರ್ಷ ರೈಟರ್ ಆಗಿದ್ದೆ ಎಂದು ಹೇಳಲು ಯಾಕೆ ಸಂಕೋಚ? ಮಸ್ಟರ್, ತೂಕ, ಒಣಗಿದ ದಿನ ಎಲ್ಲವನ್ನೂ ಅದೇ ದಿನ ಬರೆದಿಟ್ಟವನು ನೀನು. ಅದನ್ನು ಎರಡನೇ ಪ್ಯಾರಾಕ್ಕೆ ತಾ. ಪತ್ರ ಒಂದು ಪುಟ ದಾಟದಿರಲಿ. ಅರೇಬಿಕಾ ಕೊಯ್ಲು ಶುರುವಾದರೆ ಅಲ್ಲಿ ಯಾರಿಗೂ ಓದಲು ಪುರುಸೊತ್ತು ಇರುವುದಿಲ್ಲ, ಹುತ್ತರಿ ಹಬ್ಬಕ್ಕೆ ಮೊದಲೇ ಕಳಿಸು. ತಿದ್ದಿದ್ದನ್ನು ನನಗೊಮ್ಮೆ ತೋರಿಸು.

ನಿನ್ನ,
ಗಣಪತಿ
ಮಡಿಕೇರಿ