ಫೋಟೋ ನಿಧಾನಕ್ಕೆ ಸರಿಯಲಿ

ಎಲ್ಲರಿಗೂ ದೀಪಾವಳಿ ಮತ್ತು ರಾಜ್ಯೋತ್ಸವದ ಶುಭಾಶಯ. ಸಂಚಿಕೆ ಬೆಳಿಗ್ಗೆ ನಿಮ್ಮ ಕೈಗೆ ಬರಬೇಕು, ಈ ಪುಟ ಇನ್ನೂ ಖಾಲಿ ಇದೆ. ಈ ಸಲ ತಲೆಯಲ್ಲಿ ಬೇರೇನೂ ಓಡುತ್ತಿಲ್ಲ. ನಾವೆಲ್ಲ ದೊಡ್ಡಪ್ಪ, ದೊಡ್ಡಮ್ಮ ಅಂತಲೇ ಕರೆಯುವ ಹಿರಿಯರು ದಾವಣಗೆರೆಗೆ ವಾಪಸ್ ಹೊರಟಿದ್ದಾರೆ. ಅವರ ಬೀಳ್ಕೊಡುಗೆ ದಿನ ತೋರಿಸಲು ಹಳೇ ಫೋಟೋಗಳ ಒಂದು ವಿಡಿಯೋ ಸಿದ್ಧವಾಗುತ್ತಿದೆ. ಅದರ ಬಗ್ಗೆಯೇ ಬರೆಯುತ್ತೇನೆ. ಮನೆಯಲ್ಲಿ ಇಂಥ ವಿಡಿಯೋ ಮಾಡಲು ಹೊರಟಿರುವವರು ನಮ್ಮಲ್ಲಿ ಬಹಳ ಜನ ಇದ್ದಾರೆ.

ಆಪಲ್‌ನ ವಿಡಿಯೋ ಎಡಿಟಿಂಗ್ ಸಾಫ್ಟ್‌ವೇರ್ ಐಮೂವಿಗೆ ಫೋಟೋ ಹಾಕಿದರೆ ಸಾಕು, ಅದು ತಾನಾಗಿ ಸರಿಯಲು ಶುರು ಮಾಡುತ್ತದೆ. ಹಾಗೆ ತಾನಾಗಿ ಆದ ವಿಡಿಯೋವನ್ನು ದೊಡ್ಡಮ್ಮನ ಮೊಮ್ಮಗಳು ನೋಡಿ, "ಫೋಟೋ ಯಾಕೆ ಓಡಿ ಹೋಗ್ತಿದೆ? ನಾನಿನ್ನೂ ಅಜ್ಜಿನ ಹುಡುಕ್ತಾ ಇದ್ದೆ" ಅಂದಳು. ಅವಳು ಹೇಳಿದ್ದು ನೂರಕ್ಕೆ ನೂರು ನಿಜ. ನೋಡುವವರ ಕಣ್ಣು ಮೊದಲು ಎಲ್ಲಿ ನಿಲ್ಲಬೇಕು, ಕೊನೆಗೆ ಎಲ್ಲಿಗೆ ಬರಬೇಕು ಅನ್ನೋದು ಆ ಮನೆಯ ಕಥೆ ಗೊತ್ತಿದ್ದವರಿಗಷ್ಟೇ ಗೊತ್ತು. ಸಾಫ್ಟ್‌ವೇರಿಗೆ ಹೇಗೆ ತಿಳಿಯಬೇಕು?

ಒಂದು ಫೋಟೋ ತೆಗೆದುಕೊಳ್ಳೋಣ. ದಾವಣಗೆರೆಯ ಮನೆಯ ಗೃಹಪ್ರವೇಶದ ದಿನ ಬಾಗಿಲ ಮುಂದೆ ತೆಗೆದ ಕಪ್ಪು-ಬಿಳುಪು ಗುಂಪು ಚಿತ್ರ. ನಡುವೆ ಕುರ್ಚಿಯಲ್ಲಿ ದೊಡ್ಡಮ್ಮನ ಅಜ್ಜಿ, ಸುತ್ತ ಹೆಣ್ಣುಮಕ್ಕಳು, ಮುಂದೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ ಮಕ್ಕಳು. ಎಡಗಡೆ ಅಂಚಿನಲ್ಲಿ ಗೋಡೆಗೆ ಒರಗಿಸಿದ ಒಂದು ಸೈಕಲ್, ಹ್ಯಾಂಡಲ್ಲಿಗೆ ತೂಗುಹಾಕಿದ ಟಿಫನ್ ಕ್ಯಾರಿಯರ್. ನಾವು ಆ ಸೈಕಲ್ಲನ್ನು ಗಮನಿಸಿರಲೇ ಇಲ್ಲ. ದೊಡ್ಡಮ್ಮ ಬೆರಳಿಟ್ಟು ತೋರಿಸಿದರು. "ಅದು ನಮ್ಮಪ್ಪನ ಸೈಕಲ್ ಕಣಪ್ಪ. ಹತ್ತಿ ಮಿಲ್ಲಲ್ಲಿ ಪಾಳಿ ಇತ್ತು. ಪೂಜೆ ಮುಗಿಸಿ ಹೊರಡೋಕೆ ನಿಂತಿದ್ರು. ಫೋಟೋದವನು ಕ್ಯಾಮೆರಾ ಹೂಡೋಕೆ ತಡ ಮಾಡಿದ. ಮಿಲ್ಲಿನ ಸೈರನ್ ಆಯ್ತು ನೋಡು, ಕ್ಯಾರಿಯರ್ ಸೈಕಲ್ ಎರಡೂ ಬಿಟ್ಟು ಯಾರದೋ ಗಾಡಿ ಹತ್ತಿ ಓಡಿದ್ರು. ಮಧ್ಯಾಹ್ನ ನಾನೇ ಊಟ ತಗೊಂಡು ಹೋದೆ. ಗೇಟಿನ ಹತ್ರ ಬಂದಾಗ ಅವರ ತಲೆಗೂದಲ ತುಂಬ ಹತ್ತಿ. ಹೋಳಿಗೆ ಕೊಟ್ಟೆ, ಅಲ್ಲೇ ನಿಂತು ತಿಂದ್ರು. ಬರ್ತಾ ದಾರೀಲಿ ಮಂಡಕ್ಕಿ ಭಟ್ಟಿ ಕಡೆಯಿಂದ ಬಿಸಿ ವಾಸನೆ. ಮನೇಗೆ ಬಂದರೆ ಫೋಟೋ ಆಗಿ ಹೋಗಿತ್ತು. ಅದಕ್ಕೇ ನೋಡು, ಇದರಲ್ಲಿ ಅಪ್ಪಾನೂ ಇಲ್ಲ, ನಾನೂ ಇಲ್ಲ." ಮಿಲ್ಲುಗಳ ದಾವಣಗೆರೆ ಕಂಡವರಿಗೆ ಇದಕ್ಕಿಂತ ಜಾಸ್ತಿ ಹೇಳಬೇಕಿಲ್ಲ, ಅಲ್ವಾ?

ಅಂದ ಮೇಲೆ ಈ ಫೋಟೋ ಅಜ್ಜಿಯ ಮುಖದಿಂದ ಶುರುವಾಗಿ, ನಿಧಾನಕ್ಕೆ ಹಿಂದೆ ಸರಿದು, ಕೊನೆಗೆ ಸೈಕಲ್ ಕಾಣಿಸಬೇಕು. ಐಮೂವಿಯಲ್ಲಿ ಕತ್ತರಿಸುವ ಗುಂಡಿ ಒತ್ತಿದರೆ `Ken Burns` ಅಂತ ಬರುತ್ತದೆ. ಅದು ಅಮೆರಿಕದ ಸಾಕ್ಷ್ಯಚಿತ್ರಕಾರರೊಬ್ಬರ ಹೆಸರು. ಅಮೆರಿಕದ ಅಂತರ್ಯುದ್ಧದ ಮೇಲೆ 1990ರಲ್ಲಿ ಬಂದ ಅವರ ಟಿವಿ ಸರಣಿಯಿಂದ ಈ ವಿಧಾನ ಮನೆಮಾತಾಯಿತು. ಅಲ್ಲಿ ಫೋಟೋದ ಮೇಲೆ `Start` ಮತ್ತು `End` ಅಂತ ಎರಡು ಚೌಕಟ್ಟು ಕಾಣುತ್ತವೆ. ಇಡೀ ಕೆಲಸ ಈ ಎರಡನ್ನು ಎಲ್ಲಿಡುತ್ತೀರಿ ಅನ್ನೋದರಲ್ಲಿದೆ.

ಮೊದಲು ಫೋಟೋದಲ್ಲಿ ಅಷ್ಟು ಹತ್ತಿರ ಹೋಗುವ ಶಕ್ತಿ ಇದೆಯಾ ನೋಡಬೇಕು. ನಮ್ಮ ವಿಡಿಯೋದ ಅಗಲ 1920 ಪಿಕ್ಸೆಲ್, ಎತ್ತರ 1080. ಆ ಪ್ರಿಂಟ್ 7 ಇಂಚು ಅಗಲ, 5 ಇಂಚು ಎತ್ತರ. ಇಂಚಿಗೆ 600 ಚುಕ್ಕಿಯಂತೆ ಸ್ಕ್ಯಾನ್ ಮಾಡಿದರೆ 4200 ಅಗಲ, 3000 ಎತ್ತರ ಸಿಗುತ್ತದೆ. `Start` ಚೌಕಟ್ಟನ್ನು 2400 ಪಿಕ್ಸೆಲ್ ಅಗಲ ಇಟ್ಟರೂ 1920ಕ್ಕಿಂತ ಮೇಲೇ ಇದೆ, ಅಜ್ಜಿಯ ಮೂಗುತಿ ಚೂಪಾಗಿ ಕಾಣುತ್ತದೆ. ಅದೇ ಫೋಟೋ ಊರಿಂದ ವಾಟ್ಸಾಪಲ್ಲಿ ಮಾಮೂಲಿಯಾಗಿ ಬಂದಾಗ 1600 ಅಗಲಕ್ಕೆ ಕುಗ್ಗಿತ್ತು. ಅದರಲ್ಲಿ ಅಷ್ಟೇ ಭಾಗ ಹಿಡಿದರೆ ಉಳಿಯೋದು 900 ಚಿಲ್ಲರೆ. ಅದನ್ನು ಎರಡರಷ್ಟು ಹಿಗ್ಗಿಸಿದರೆ ಮುಖ ಕಲಸಿಹೋಗುತ್ತದೆ. ಆದ್ದರಿಂದ ಫೋಟೋ ಕಳಿಸುವವರಿಗೆ ಒಂದೇ ಮಾತು: ಸ್ಕ್ಯಾನ್ ಮಾಡಿಸಿ, ಡಾಕ್ಯುಮೆಂಟ್ ಆಗಿ ಕಳಿಸಿ.

ಇನ್ನು `End` ಚೌಕಟ್ಟು. ಅದು ವಿಡಿಯೋದ ಆಕಾರದಲ್ಲೇ ಇರಬೇಕಾದ್ದರಿಂದ, ಪೂರ್ತಿ 4200 ಅಗಲ ಹಿಡಿದರೆ ಎತ್ತರದಲ್ಲಿ ಸುಮಾರು 2360 ಮಾತ್ರ ಒಳಗೆ ಬರುತ್ತದೆ. ಮಿಕ್ಕ 640ರಷ್ಟು ಬಿಡಲೇಬೇಕು. ತಾನಾಗಿ ಆದ ವಿಡಿಯೋದಲ್ಲಿ ಚೌಕಟ್ಟು ಇನ್ನೂ ಒಳಗೆ ಕೂತಿತ್ತು. ಕೆಳಗೆ ಮಕ್ಕಳ ಕಾಲು ಹೋಗಿತ್ತು, ಪಕ್ಕದಲ್ಲಿ ಸೈಕಲ್ಲೇ ಹೋಗಿತ್ತು. ಈ ಫೋಟೋದಲ್ಲಿ ಮೇಲೆ ಇರೋದು ಖಾಲಿ ಗೋಡೆ. ಹಾಗಾಗಿ ಚೌಕಟ್ಟನ್ನು ಪೂರ್ತಿ ಹಿಗ್ಗಿಸಿ ಕೆಳಕ್ಕೆ ಎಳೆದೆವು, ಬಿಡಬೇಕಾದದ್ದೆಲ್ಲ ಗೋಡೆಯಿಂದಲೇ ಹೋಯಿತು.

ಆಮೇಲೆ ವೇಗ. ಐಮೂವಿ ಒಂದು ಫೋಟೋಗೆ ತಾನಾಗಿ ಕೊಡೋದು 4 ಸೆಕೆಂಡ್. ಒಂದೇ ಮುಖವಿರುವ ಚಿತ್ರ ಹತ್ತು ಪರ್ಸೆಂಟ್ ಹಿಗ್ಗುವುದಾದರೆ 5 ಸೆಕೆಂಡ್ ಸಾಕು. ಹದಿನಾರು ಜನರ ಗುಂಪಿಗೆ, ಇಷ್ಟು ದೂರ ಹಿಂದೆ ಸರಿಯಲಿಕ್ಕೆ 10 ಸೆಕೆಂಡ್ ಬೇಕು. ಸರಿದು ಮುಗಿದ ಮೇಲೆ ಅದೇ ಫೋಟೋವನ್ನು ಪಕ್ಕದಲ್ಲಿ ಇನ್ನೊಮ್ಮೆ ಇಟ್ಟು, `Crop to Fill` ಒತ್ತಿ ಕೊನೆಯ ಚೌಕಟ್ಟಿನಷ್ಟೇ ಕತ್ತರಿಸಿ, 3 ಸೆಕೆಂಡ್ ಅಲುಗಾಡದೆ ನಿಲ್ಲಿಸಿದೆವು. ಜನ ಮುಖ ಹುಡುಕೋದು ಆಗಲೇ. ಆ ನಂತರವೇ ಮುಂದಿನ ಫೋಟೋಗೆ ಕರಗಬೇಕು. ಕರಗುವ ಹೊತ್ತಿನಲ್ಲೇ ಚಲನೆ ನಿಂತರೆ ಬಸ್ಸು ಬ್ರೇಕ್ ಹಾಕಿದ ಹಾಗೆ ಕಣ್ಣು ಮುಗ್ಗರಿಸುತ್ತದೆ. ಒಂದೋ ಪೂರ್ತಿ ಮಾಯವಾಗೋ ತನಕ ಸರಿಯುತ್ತಲೇ ಇರಲಿ, ಇಲ್ಲವೇ ಬಹಳ ಮೊದಲೇ ನಿಲ್ಲಲಿ.

ಎಷ್ಟು ಸರಿಮಾಡಿದರೂ ಒಂದು ತೊಂದರೆ ಉಳಿಯುತ್ತದೆ. ಕಿಟಕಿಯ ಸರಳು, ಸೀರೆಯ ಜರಿ ಅಂಚು, ಹಳೇ ಒರಟು ಕಾಗದದ ಪ್ರಿಂಟು, ಇವು ತೀರಾ ನಿಧಾನಕ್ಕೆ ಸರಿದರೆ ಮಿಣಮಿಣ ಅನ್ನುತ್ತವೆ. ಸಣ್ಣ ಗೆರೆಗಳು ಪಿಕ್ಸೆಲ್‌ಗಳ ನಡುವೆ ಸಿಕ್ಕಿಕೊಳ್ಳುವುದರಿಂದ ಹಾಗಾಗುತ್ತದೆ. ಅಂಥ ಫೋಟೋವನ್ನು ಕೊಂಚ ಮಸುಕು ಮಾಡಬೇಕು, ಇಲ್ಲದಿದ್ದರೆ ಸುಮ್ನೆ ನಿಲ್ಲಿಸಿಬಿಡಬೇಕು. ಎಲ್ಲ ಫೋಟೋನೂ ಸರಿಯಲೇಬೇಕು ಅಂತ ಏನಿಲ್ಲ. ಚಿತ್ರದುರ್ಗದ ಕೋಟೆಯಲ್ಲಿ ಉಯ್ಯಾಲೆ ಕಂಬದ ಕೆಳಗೆ ನಿಂತ ಉದ್ದನೆಯ ಫೋಟೋ ಮೇಲಿಂದ ಕೆಳಗೆ ಇಳಿಯಲಿ, ಅದಕ್ಕೆ ಅರ್ಥ ಇದೆ. ಮದುವೆಯ ಜೋಡಿ ಫೋಟೋ ನಿಂತೇ ಇರಲಿ. ಲ್ಯಾಪ್‌ಟಾಪಲ್ಲಿ ಎಡಿಟ್ ಮಾಡುವಾಗ ಕಾಣುವ ತಡವರಿಕೆ ಮಾತ್ರ ನಂಬಬೇಡಿ. ಒಂದು ತುಂಡನ್ನು ಪೂರ್ತಿ ವಿಡಿಯೋ ಫೈಲ್ ಮಾಡಿ, ದೊಡ್ಡ ಟಿವಿಯಲ್ಲಿ ನೋಡಿ ತೀರ್ಮಾನಿಸಿ.

ಜಾಗ ಮುಗಿಯುತ್ತಾ ಬಂತು, ಪ್ರಕಟಣೆಗಳು ಒಂದೇ ಉಸಿರಿಗೆ. ರಾಜ್ಯೋತ್ಸವ ಮತ್ತು ಬೀಳ್ಕೊಡುಗೆ ಒಂದೇ ದಿನ, ಮುಂದಿನ ಶನಿವಾರ ಸಂಜೆ ಐದಕ್ಕೆ, ಎಂದಿನ ಸಭಾಂಗಣದಲ್ಲಿ. ಊಟಕ್ಕೆ ಬರುವವರ ಸಂಖ್ಯೆ ಬುಧವಾರದೊಳಗೆ ತಿಳಿಸಿ, ಬೆಣ್ಣೆ ದೋಸೆ ಹುಯ್ಯಲು ಕಾವಲಿ ಇದ್ದವರು ತನ್ನಿ. ಮಕ್ಕಳ ಕನ್ನಡ ತರಗತಿ ಆ ವಾರ ಇಲ್ಲ. ಸದಸ್ಯತ್ವ ನವೀಕರಣ ಬಾಗಿಲಲ್ಲೇ ಮಾಡಿಕೊಳ್ಳಬಹುದು.

ಕೊನೆಗೆ ನನ್ನ ಕೋರಿಕೆ. ನಲವತ್ತು ಫೋಟೋಗಳಲ್ಲಿ ಇನ್ನೂ ಅರ್ಧ ಬಾಕಿ ಇವೆ, ಕೂತು ಮಾಡುವವರು ಇಬ್ಬರೇ. ಸ್ಕ್ಯಾನರ್ ಇರುವ ಯಾರಾದರೂ ಭಾನುವಾರ ಮಧ್ಯಾಹ್ನ ನಮ್ಮ ಮನೆಗೆ ಬನ್ನಿ. ಎಡಿಟಿಂಗ್ ಬರಬೇಕೆಂದಿಲ್ಲ. ದಾವಣಗೆರೆ ಕಡೆಯವರಾದರೆ ಇನ್ನೂ ಒಳ್ಳೆಯದು. ಒಂದೆರಡು ಫೋಟೋಗಳಲ್ಲಿ ಹಿಂದೆ ಕಾಣುವ ಬೀದಿ ಯಾವುದು ಅಂತ ದೊಡ್ಡಮ್ಮನಿಗೂ ನೆನಪಾಗುತ್ತಿಲ್ಲ. ಅದು ಗೊತ್ತಾಗದೆ `End` ಚೌಕಟ್ಟು ಎಲ್ಲಿಡಬೇಕು ಅಂತ ತೀರ್ಮಾನಿಸೋಕೆ ಆಗುತ್ತಿಲ್ಲ.

ಸಂಪಾದಕರು