ಮಳೆ ರಜೆಯ ಲೆಕ್ಕವನ್ನು ದಿನದಲ್ಲಿ ಅಲ್ಲ, ಪಿರಿಯಡ್‌ನಲ್ಲಿ ಹಾಕೋಣ

ಶಿವಮೊಗ್ಗ ಜಿಲ್ಲೆಯ ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರಿಗೆ,

ಮಾನ್ಯರೇ, ನಮಸ್ಕಾರ.

ನಾನು ಹೊಸನಗರ ತಾಲ್ಲೂಕಿನಲ್ಲಿ ಗಣಿತ ಕಲಿಸುತ್ತೇನೆ. ಜುಲೈ ತಿಂಗಳಲ್ಲಿ ಮಳೆ ರಜೆ ಕೊಡಲೇಬೇಕು, ಅದರ ಬಗ್ಗೆ ನನ್ನದು ಎರಡು ಮಾತಿಲ್ಲ. ಹಳ್ಳ ತುಂಬಿದಾಗ ಕಾಲುಸಂಕ ದಾಟಿ ಮಕ್ಕಳು ಬರುವುದು ಬೇಡ. ನಾನು ಕೇಳುತ್ತಿರುವುದು ಆ ರಜೆಯನ್ನು ನಾವು ತುಂಬಿಕೊಳ್ಳುವ ರೀತಿಯ ಬಗ್ಗೆ.

ಎಂಟನೇ ತರಗತಿಯ ಮೊದಲ ಅವಧಿಗೆ ಒಂದು ವರ್ಷ ನಾನು ಹಾಕಿಕೊಂಡ ಯೋಜನೆಯನ್ನೇ ನೋಡಿ. ಜೂನ್‌ನಿಂದ ಸೆಪ್ಟೆಂಬರ್ ಕೊನೆಯವರೆಗೆ ಸುಮಾರು 17 ವಾರ. ವಾರಕ್ಕೆ 6 ಪಿರಿಯಡ್ ಅಂದರೆ 102. ಸೇತುಬಂಧಕ್ಕೆ ಎರಡು ವಾರ ಹೋದರೆ 90. ಮೊದಲ ಸಂಕಲನಾತ್ಮಕ ಪರೀಕ್ಷೆಗೆ ಒಂದು ವಾರ, ಅದರ ಮುಂಚಿನ ಪುನರಾವರ್ತನೆಗೆ ಒಂದು ವಾರ, ಉಳಿದದ್ದು 78. ಎರಡು ರೂಪಣಾತ್ಮಕ ಪರೀಕ್ಷೆಗಳಿಗೆ ತಲಾ 3 ಪಿರಿಯಡ್ ಬೇಕು: ಒಂದು ಬರೆಯಲು, ಒಂದು ತಪ್ಪು ತಿದ್ದಲು, ಒಂದು ಹಿಂದುಳಿದವರಿಗೆ ಮತ್ತೆ ಹೇಳಿಕೊಡಲು. ಈಗ 72. ಸ್ವಾತಂತ್ರ್ಯ ದಿನ, ಗೌರಿ ಗಣೇಶ, ಕ್ರೀಡಾಕೂಟ, ಪ್ರತಿಭಾ ಕಾರಂಜಿ ಅಂತ 10 ಬಿಟ್ಟರೆ 62. ಅದರಲ್ಲಿ 58 ಪಾಠಕ್ಕೆ ಇಟ್ಟೆ. 4 ಮಳೆಗೆ ಅಂತ ಕೈಯಲ್ಲಿ ಇಟ್ಟುಕೊಂಡೆ.

ಆ ವರ್ಷ 6 ದಿನ ಮಳೆ ರಜೆ ಬಂತು. ಅದರಲ್ಲಿ ಎರಡು ಮಂಗಳವಾರ, ಎರಡು ಬುಧವಾರ, ಒಂದು ಗುರುವಾರ, ಒಂದು ಶುಕ್ರವಾರ. ನನಗೆ ಮಂಗಳವಾರ ಎರಡು ಪಿರಿಯಡ್, ಉಳಿದ ದಿನ ಒಂದೊಂದು. ಹಾಗಾಗಿ ಹೋದದ್ದು 8 ಪಿರಿಯಡ್. ಶನಿವಾರ ಮಧ್ಯಾಹ್ನ ಶಾಲೆ ನಡೆಸಿ ತುಂಬಿಕೊಂಡೆವು. ಎರಡು ಶನಿವಾರ ಸೇರಿದರೆ ಒಂದು ದಿನದ ಲೆಕ್ಕ. ನಾನು ಆಗ ಇದ್ದ ಶಾಲೆಯಲ್ಲಿ ಶನಿವಾರದ ಬೆಳಗಿನ ವೇಳಾಪಟ್ಟಿಯನ್ನೇ ಮಧ್ಯಾಹ್ನವೂ ಓಡಿಸುತ್ತಿದ್ದರು. ಶನಿವಾರ ನನ್ನ ವಿಷಯವೇ ಇರಲಿಲ್ಲ. ವರದಿಯಲ್ಲಿ 6 ದಿನವೂ ತುಂಬಿದವು, ಗಣಿತಕ್ಕೆ ಮಾತ್ರ ಒಂದು ಪಿರಿಯಡ್ಡೂ ಸಿಗಲಿಲ್ಲ. ಕೈಯಲ್ಲಿದ್ದ 4 ಕಳೆದು ಇನ್ನೂ 4 ಬಾಕಿ. ಅವನ್ನು ಎಲ್ಲಿಂದ ತರಲಿ? ಪುನರಾವರ್ತನೆಯ ವಾರದಿಂದ ಕಿತ್ತುಕೊಂಡೆ.

ಅದರ ಗುರುತು ಉತ್ತರಪತ್ರಿಕೆಯಲ್ಲಿ ಸಿಕ್ಕಿತು. ಸೆಪ್ಟೆಂಬರ್‌ನಲ್ಲಿ ಮಾಡಿದ ಲೆಕ್ಕಗಳನ್ನು ಮಕ್ಕಳು ಚೆನ್ನಾಗಿ ಬಿಡಿಸಿದ್ದರು. ಜೂನ್ ಕೊನೆಯಲ್ಲಿ ಚೆನ್ನಾಗಿಯೇ ಕಲಿತಿದ್ದ ಭಾಗಲಬ್ಧ ಸಂಖ್ಯೆಗಳಲ್ಲಿ ಎಡವಿದ್ದರು. ಕಲಿಯದೆ ಎಡವಿದ್ದಲ್ಲ, ಮೂರು ತಿಂಗಳು ಅದನ್ನು ಮತ್ತೆ ಮುಟ್ಟದೆ ಎಡವಿದ್ದು.

ರಜೆ ಇಲ್ಲದ ಮಳೆ ದಿನಗಳ ಕಥೆ ಬೇರೆ. ಶಾಲೆ ತೆರೆದಿರುತ್ತದೆ, ಅರ್ಧ ತರಗತಿ ಮಾತ್ರ ಬಂದಿರುತ್ತದೆ. ಆ ದಿನ ಹೊಸ ಪಾಠ ಮಾಡಿದರೆ ಬಾರದವರಿಗೆ ಮತ್ತೆ ಮಾಡಬೇಕು. ಈಗ ನಾನು ಡೈರಿಯಲ್ಲಿ ಅಂಥ ಪಿರಿಯಡ್ ಪಕ್ಕ ಒಂದು ಚುಕ್ಕೆ ಇಡುತ್ತೇನೆ, ಅವತ್ತು ಹಳೇ ಲೆಕ್ಕಗಳನ್ನೇ ಮಾಡಿಸುತ್ತೇನೆ. ಹೀಗೆ ಪುನರಾವರ್ತನೆಯ ಸ್ವಲ್ಪ ಭಾಗ ಜುಲೈನಲ್ಲೇ ಆಗಿಬಿಡುತ್ತದೆ.

ಪಾಠಗಳ ಕ್ರಮದಲ್ಲೂ ಒಂದು ವಿಷಯ ಕಂಡುಕೊಂಡೆ. ಬೀಜೋಕ್ತಿಗಳ ಗುಣಾಕಾರ, ನಿತ್ಯಸಮೀಕರಣ, ಅಪವರ್ತನ ಇವು ಒಂದರ ಬಾಲ ಹಿಡಿದು ಇನ್ನೊಂದು ಬರುವ ಪಾಠಗಳು. ನಡುವೆ ನಾಲ್ಕು ದಿನ ತಪ್ಪಿದರೆ ಮೊದಲಿಂದ ಶುರು ಮಾಡಬೇಕು. ದತ್ತಾಂಶ ನಿರ್ವಹಣೆ ಹಾಗಲ್ಲ. ಸ್ತಂಭಾಲೇಖ ಇವತ್ತು ಮುಗಿಸಿ, ವೃತ್ತ ನಕ್ಷೆಯನ್ನು ಮುಂದಿನ ವಾರ ತೆಗೆದರೂ ನಡೆಯುತ್ತದೆ. ಅಂಥದ್ದನ್ನು ಜುಲೈಗೆ ಇಟ್ಟು, ಸರಪಳಿಯಂಥ ಪಾಠಗಳನ್ನು ಮಳೆ ಇಳಿದ ಮೇಲೆ ಎತ್ತಿಕೊಳ್ಳುವುದು ನಮ್ಮ ಕಡೆಗೆ ಹೊಂದುತ್ತದೆ. ಆದರೆ ತಿಂಗಳವಾರು ಪಾಠ ಹಂಚಿಕೆಯನ್ನು ಅಕ್ಷರಶಃ ಪಾಲಿಸಬೇಕು ಅಂದಾಗ ಇದಕ್ಕೆ ಜಾಗ ಇರುವುದಿಲ್ಲ.

ಆದ್ದರಿಂದ ಮುಂದಿನ ಶೈಕ್ಷಣಿಕ ವರ್ಷಕ್ಕೆ ಹೊಸನಗರ, ತೀರ್ಥಹಳ್ಳಿ, ಸಾಗರದಂಥ ಮಳೆ ಜಾಸ್ತಿ ಇರುವ ತಾಲ್ಲೂಕುಗಳಿಗೆ ತಾವು ಒಂದು ಸೂಚನೆ ಕೊಡಬೇಕು ಅಂತ ಕೇಳಿಕೊಳ್ಳುತ್ತೇನೆ. ರಜೆ ತುಂಬುವ ದಿನ, ಹೋದ ದಿನದ ವೇಳಾಪಟ್ಟಿಯೇ ನಡೆಯಲಿ. ಮಂಗಳವಾರ ಹೋಗಿದ್ದರೆ ಆ ಎರಡು ಶನಿವಾರದ ಮಧ್ಯಾಹ್ನಗಳು ಮಂಗಳವಾರದ ಪಿರಿಯಡ್‌ಗಳೇ ಆಗಿರಲಿ. ದೂರದ ಮಕ್ಕಳು ಸಂಜೆ ಬಸ್ ನೋಡಿಕೊಳ್ಳಬೇಕಲ್ವಾ, ಅದಕ್ಕೆ ಯಾವ ಶನಿವಾರ ಅಂತ ಒಂದು ವಾರ ಮುಂಚೆಯೇ ತಿಳಿದರೆ ಒಳ್ಳೆಯದು. ಮೊದಲ ಸಂಕಲನಾತ್ಮಕ ಪರೀಕ್ಷೆಯ ಪಾಠಗಳು ಎಲ್ಲರಿಗೂ ಒಂದೇ ಇರಲಿ, ಅಲ್ಲಿಯವರೆಗಿನ ಕ್ರಮ ಮಾತ್ರ ಶಾಲೆಗೆ ಬಿಡಿ. ಪುನರಾವರ್ತನೆಯ ವಾರದಲ್ಲಿ ಬಾಕಿ ಪಾಠ ಮುಗಿಸುವಂತೆ ಯಾರೂ ಹೇಳದಿರಲಿ.

ಕಳೆದ ಮೂರು ವರ್ಷದ ನನ್ನ ಡೈರಿಗಳಲ್ಲಿ ಪ್ರತಿ ಪಿರಿಯಡ್ಡಿನ ಲೆಕ್ಕ ಇದೆ. ತಾವು ಕರೆದರೆ ತಂದು ತೋರಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಹೊಸನಗರ ತಾಲ್ಲೂಕಿನ ಒಬ್ಬ ಗಣಿತ ಶಿಕ್ಷಕಿ